ಪೈ ಚಾರ್ಟ್ ವರ್ಕ್‌ಶೀಟ್: ಕೋನಗಳನ್ನ ಕೂಡಿದ್ರೆ 363.6 ಬರ್ತಿದೆ, ತಪ್ಪು ಎಲ್ಲಿ?

ಹಾಳೆಪುಟ
ವರ್ಕ್‌ಶೀಟ್ ಒಂದಕ್ಕೆ ಉತ್ತರಪಟ್ಟಿ ಸಿದ್ಧ ಮಾಡ್ತಿದ್ದೀನಿ. 43 ಮಕ್ಕಳು ಶಾಲೆಗೆ ಹೇಗೆ ಬರ್ತಾರೆ ಅನ್ನೋ ಲೆಕ್ಕ ಇದೆ. ಮೊದಲು ಶೇಕಡಾ ತೆಗೆದು, ಆಮೇಲೆ 3.6ರಿಂದ ಗುಣಿಸಿದೆ. ಒಂದು ಶೇಕಡಾಕ್ಕೆ 3.6 ಡಿಗ್ರಿ ತಾನೇ?

| ಬರುವ ಬಗೆ | ಆವೃತ್ತಿ | ಶೇಕಡಾ | ಕೋನ |
|---|---|---|---|
| ನಡಿಗೆ | 17 | 40 | 144 |
| ಬಸ್ಸು | 11 | 26 | 93.6 |
| ಸೈಕಲ್ | 8 | 19 | 68.4 |
| ಕಾರು | 4 | 9 | 32.4 |
| ರೈಲು | 3 | 7 | 25.2 |
| ಒಟ್ಟು | 43 | 101 | 363.6 |

ಗುಣಾಕಾರ ಎರಡೆರಡು ಸಲ ನೋಡಿದ್ದೀನಿ, ತಪ್ಪಿಲ್ಲ. "ಇದೆಲ್ಲಾ ರೌಂಡ್ ಮಾಡಿದ್ರಿಂದ ಬರೋದು, ಕೊನೇದರಲ್ಲಿ 3.6 ಕಳೆದು 21.6 ಅಂತ ಬರೆದುಬಿಡಿ" ಅಂತ ಒಬ್ಬರು ಹೇಳಿದ್ರು. ಹಾಗೆ ಮಾಡಬಹುದಾ?

ಕೈವಾರ
ಬೇಡ. ರೈಲಿನಲ್ಲಿ ಬರೋ 3 ಮಕ್ಕಳಿಗೆ ನಿಜವಾಗಿ ಸಲ್ಲಬೇಕಾದ್ದು 25.12 ಡಿಗ್ರಿ. ನಿಮ್ಮ 25.2 ಆಗಲೇ ಹೆಚ್ಚುಕಮ್ಮಿ ಸರಿಯಾಗಿದೆ. ಅದನ್ನ 21.6 ಮಾಡಿದ್ರೆ ಮೊತ್ತವೇನೋ 360 ಆಗತ್ತೆ, ಆದ್ರೆ ಪಟ್ಟಿಯಲ್ಲಿ ಸರಿ ಇದ್ದ ಒಂದು ಸಾಲನ್ನ ಹುಡುಕಿ ಕೆಡಿಸಿದ ಹಾಗಾಗತ್ತೆ. ತಪ್ಪಿರೋದು ನಡಿಗೆ, ಬಸ್ಸು, ಸೈಕಲ್ ಮತ್ತೆ ಕಾರಿನ ಸಾಲುಗಳಲ್ಲಿ.

17 ಭಾಗಿಸು 43 ಅಂದ್ರೆ ಶೇಕಡಾ 39.53. ನೀವು ಅದನ್ನ 40 ಮಾಡಿದ್ರಿ, ಅರ್ಧ ಶೇಕಡಾದಷ್ಟು ಜಾಸ್ತಿ. ಶೇಕಡಾ ಅಂತ ಓದೋವಾಗ ಇದು ಏನೂ ಅಲ್ಲ. ಆದ್ರೆ ಅದನ್ನೇ ಮತ್ತೆ 3.6ರಿಂದ ಗುಣಿಸಿದಾಗ ಆ ಅರ್ಧವೂ 3.6 ಪಟ್ಟು ಹಿಗ್ಗತ್ತೆ. ಹಾಗಾಗಿ 142.33 ಬರಬೇಕಾದ ಕಡೆ 144 ಬಂತು. ಬಸ್ಸು 25.58, ಸೈಕಲ್ 18.60, ಎರಡೂ ಮೇಲಕ್ಕೇ ಹೋದ್ವು. ಕಾರು ಒಂದೇ ತಕ್ಕಮಟ್ಟಿಗೆ ಕೆಳಕ್ಕೆ ಇಳಿದದ್ದು. ಒಟ್ಟಾರೆ ಶೇಕಡಾ 101 ಆಯ್ತು. ಆ ಹೆಚ್ಚುವರಿ 1 ಶೇಕಡಾನೇ ನಿಮ್ಮ ಹೆಚ್ಚುವರಿ 3.6 ಡಿಗ್ರಿ. ಶೇಕಡಾ ಕಾಲಮ್ಮಿನ ಕೆಳಗೆ 101 ಅಂತ ಬಂದಾಗಲೇ ಅಲ್ಲಿ ನಿಲ್ಲಬೇಕಿತ್ತು.

ಶೇಕಡಾದ ಹಾದಿಯನ್ನೇ ಬಿಟ್ಟು ನೇರವಾಗಿ ಆವೃತ್ತಿಯಿಂದ ಕೋನಕ್ಕೆ ಹೋಗಿ. ಆವೃತ್ತಿಯನ್ನ 360ರಿಂದ ಗುಣಿಸಿ, ಆಮೇಲೆ 43ರಿಂದ ಭಾಗಿಸಿ. ಈ ಕ್ರಮ ಮುಖ್ಯ. ಮೊದಲೇ 360 ಭಾಗಿಸು 43 ಮಾಡಿ "8.4" ಅಂತ ಬರೆದಿಟ್ಟುಕೊಂಡ್ರೆ ಅದೇ ರೋಗ ಇನ್ನೊಂದು ರೂಪದಲ್ಲಿ ಬರತ್ತೆ, ಮೊತ್ತ 361.2 ಆಗತ್ತೆ. ರೌಂಡ್ ಮಾಡೋದು ಒಂದೇ ಸಲ, ಅದೂ ಕೊನೇಲಿ.

ಸೊನ್ನೆ
ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ? ಕೊನೆಯ ಖಂಡವನ್ನ ಲೆಕ್ಕ ಹಾಕೋದೇ ಬೇಡ. ಮೊದಲ ನಾಲ್ಕನ್ನ ಕಂಡುಹಿಡಿದು 360ರಿಂದ ಕಳೆದ್ರೆ ಉಳಿದದ್ದೇ ಐದನೇದು. ಒಂದು ಲೆಕ್ಕ ಉಳಿಯತ್ತೆ, ಮೊತ್ತ ಯಾವತ್ತೂ 360. ಕೋನಗಳು 360 ಆದ್ವು ಅಂದ್ರೆ ಉತ್ತರ ಸರಿ ಅಂತಾನೇ.

ಕೈವಾರ
@ಸೊನ್ನೆ ಅವರೇ, ಕಳೆದು ತೆಗೆದ ಸಂಖ್ಯೆಯನ್ನ ಮತ್ತೆ ಕೂಡಿ "360 ಬಂತು" ಅಂದ್ರೆ ಅದು ಪರೀಕ್ಷೆ ಆಗಲ್ಲ. ಬಾರದೇ ಬೇರೆ ಏನು ಬರತ್ತೆ?

ಇದೇ ಪಟ್ಟಿಯಲ್ಲಿ ಒಂದು ತಪ್ಪು ಮಾಡಿ ನೋಡಿ. ಸೈಕಲಿಗೆ 67 ಬರಬೇಕಾದ ಕಡೆ ಕೈತಪ್ಪಿ 77 ಅಂತ ಬರೆದ್ರಿ ಅಂದ್ಕೊಳ್ಳಿ. 142, 92, 77, 33 ಕೂಡಿದ್ರೆ 344, ಉಳಿದದ್ದು 16. ರೈಲಿಗೆ 16 ಬರೀತೀರಿ, ಮೊತ್ತ 360, ಎಲ್ಲಾ ಸುಖ. ಆದ್ರೆ ಈಗ ತಪ್ಪು ಒಂದಲ್ಲ, ಎರಡು. ಸೈಕಲಿನ ತಪ್ಪಿನ ಜೊತೆಗೆ ರೈಲೂ ಕೆಟ್ಟಿತು. ಐದನೇದನ್ನೂ ಆವೃತ್ತಿಯಿಂದಲೇ ತೆಗೆದಿದ್ರೆ 25 ಬಂದು, ಮೊತ್ತ 369 ಆಗಿ, ತಪ್ಪು ಅಲ್ಲೇ ಸಿಕ್ಕಿಬೀಳ್ತಿತ್ತು.

ಯಾವ ಸಾಲು ತಪ್ಪು ಅಂತ ಹಿಡಿಯೋಕೆ ಮೊತ್ತ ಸಾಲದು. ಅದಕ್ಕೆ ಪ್ರತಿ ಕೋನವನ್ನೂ ಅದರದ್ದೇ ಆವೃತ್ತಿಯಿಂದ ಭಾಗಿಸಿ ನೋಡಬೇಕು. ಒಂದು ಮಗುವಿಗೆ ಎಷ್ಟು ಡಿಗ್ರಿ ಸಿಕ್ಕಿತು ಅನ್ನೋದು ಎಲ್ಲಾ ಸಾಲಿನಲ್ಲೂ ಒಂದೇ ಇರಬೇಕು, ಇಲ್ಲಿ ಸುಮಾರು 8.37. 142ನ್ನ 17ರಿಂದ ಭಾಗಿಸಿದ್ರೆ 8.35, 92ನ್ನ 11ರಿಂದ ಭಾಗಿಸಿದ್ರೆ 8.36. ಆದ್ರೆ 77ನ್ನ 8ರಿಂದ ಭಾಗಿಸಿದ್ರೆ 9.6, 16ನ್ನ 3ರಿಂದ ಭಾಗಿಸಿದ್ರೆ 5.3. ಇವೆರಡು ಎದ್ದು ಕಾಣ್ತವೆ.

ಸೊನ್ನೆ
ಆಯ್ತು, ಕಳೆಯೋ ವಿಷಯ ಒಪ್ಪಿದೆ. ಆದ್ರೆ ಐದನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ 360 ಬಂದ್ರೆ ಆಗಲಾದ್ರೂ ಸರಿ ಅಂತ ತಾನೇ?

ಕೈವಾರ
ಆಗಲೂ ಪೂರ್ತಿ ಅಲ್ಲ. ಎಣಿಸೋವಾಗಲೇ ಬಸ್ಸಿನ ಒಬ್ಬನನ್ನ ಸೈಕಲಿಗೆ ಸೇರಿಸಿ 10 ಮತ್ತು 9 ಅಂತ ಬರೆದುಕೊಂಡಿದ್ರೆ ಒಟ್ಟು 43ರಲ್ಲೇ ಇರತ್ತೆ, ಕೋನಗಳೂ 360 ಆಗ್ತವೆ. ಒಬ್ಬನನ್ನ ಎಣಿಸೋದೇ ಬಿಟ್ಟು, ಬಂದ 42ರಿಂದಲೇ ಭಾಗಿಸಿದ್ರೂ 360. ಈ ಮೊತ್ತ ಹಿಡಿಯೋದು ಒಂದೇ ಥರದ ತಪ್ಪನ್ನ: ಮೇಲಿನ ಆವೃತ್ತಿಗಳಿಗೂ ಕೆಳಗೆ ಭಾಗಿಸಿದ ಸಂಖ್ಯೆಗೂ ಹೊಂದಾಣಿಕೆ ಇಲ್ಲದ್ದು, ಇಲ್ಲವೇ ಮಧ್ಯದಲ್ಲಿ ಗುಣಾಕಾರ, ಭಾಗಾಕಾರ ಎಡವಿದ್ದು. ಎಣಿಕೆಯ ತಪ್ಪು ಅದರ ಕಣ್ಣಿಗೆ ಬೀಳಲ್ಲ. ಅದಕ್ಕೆ ಎಣಿಕೆಯನ್ನೇ ಮತ್ತೆ ನೋಡಬೇಕು.

ಪಟ್ಟಿಕೋಲು
ಇದು ಕೋನಮಾಪಕದ ಸಮಸ್ಯೆ ಅನ್ಸತ್ತೆ. ಲೆಕ್ಕ ಸರಿ ಇದ್ರೂ ಬರೆಯೋವಾಗ ಕೊನೆಯ ಖಂಡ ಕೂಡಿಕೊಳ್ಳಲ್ಲ, ಒಂದೋ ಅಂತರ ಉಳಿಯತ್ತೆ, ಇಲ್ಲಾ ಮೇಲೆ ಹತ್ತತ್ತೆ. ಪ್ರತಿ ಖಂಡಕ್ಕೂ ಕೋನಮಾಪಕವನ್ನ ಹಿಂದಿನ ಗೆರೆಗೆ ಸರಿಸಿ ಇಡ್ತಾ ಹೋದ್ರೆ ಪ್ರತಿ ಸಲ ಅರ್ಧ, ಒಂದು ಡಿಗ್ರಿ ಜಾರತ್ತೆ, ಎಲ್ಲಾ ಕೊನೇಲಿ ಬಂದು ಸೇರತ್ತೆ.

ಅದರ ಬದಲು ಒಂದೇ ಮೂಲ ಗೆರೆಯಿಂದ ಎಲ್ಲವನ್ನೂ ಗುರುತು ಮಾಡಿ. ಗೆರೆಯನ್ನ ಕೇಂದ್ರದ ಆಚೆಗೂ ಎಳೆದು ವ್ಯಾಸ ಮಾಡಿಕೊಂಡ್ರೆ 180 ದಾಟಿದ ಮೇಲೂ ತೊಂದರೆ ಇಲ್ಲ. 234 ಬೇಕಾದ್ರೆ ಕೋನಮಾಪಕ ತಿರುಗಿಸಿಟ್ಟು ಆ ಕಡೆಯಿಂದ 54. ಕೊನೆಯ ಖಂಡ ಬರೆಯೋ ಅಗತ್ಯವೇ ಇಲ್ಲ, ತಾನಾಗೇ ಉಳಿಯತ್ತೆ. ಉಳಿದದ್ದನ್ನ ಅಳೆದು ಲೆಕ್ಕಕ್ಕೆ ತಾಳೆ ನೋಡಿ.

ಹಾಳೆಪುಟ
@ಪಟ್ಟಿಕೋಲು ನಾನಿನ್ನೂ ಚಿತ್ರಕ್ಕೇ ಬಂದಿಲ್ಲ, ಕೋಷ್ಟಕದಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ 🙂 ಆದ್ರೂ ಬರೆದಿಟ್ಟುಕೊಂಡೆ. 142 ಗುರುತು ಹಾಕೋವಾಗ ಮಕ್ಕಳು ಇನ್ನೊಂದು ಸಾಲಿನ ಅಂಕಿ ಓದಿ 38 ಹಾಕ್ತಾರೆ, ಅದಕ್ಕೇನಾದ್ರೂ ಗುರುತು ಇದೆಯಾ?

ಪಟ್ಟಿಕೋಲು
ಇದೆ. 142ಕ್ಕೆ 38 ಹಾಕಿದ್ರೆ 104 ಡಿಗ್ರಿ ಕಳೆದುಹೋಯ್ತು. ಉಳಿದ ಖಂಡಗಳನ್ನ ಒಂದರ ಪಕ್ಕ ಒಂದು ಸರಿಯಾಗೇ ಬರೆದಿದ್ರೆ ಆ 104 ಪೂರ್ತಿ ಕೊನೆಯ ಖಂಡಕ್ಕೆ ಹೋಗಿ, 25 ಇರಬೇಕಾದ ಕಡೆ 129ರ ಆಸುಪಾಸು ಕಾಣತ್ತೆ. ಅದಕ್ಕಿಂತ ಸುಲಭ ಅಂದ್ರೆ, 142 ವಿಶಾಲಕೋನ, ಬರೆದದ್ದು ಲಘುಕೋನ. ಗುರುತು ಹಾಕೋ ಮುಂಚೆ "ಇದು ಲಂಬಕೋನಕ್ಕಿಂತ ದೊಡ್ಡದಾ ಚಿಕ್ಕದಾ" ಅಂತ ಒಂದು ಸಲ ಕೇಳಿಕೊಂಡ್ರೆ ಸಾಕು. ನನ್ನ ಕಣ್ಣಿಗೆ ಕಷ್ಟದ್ದು ಬಸ್ಸಿನ 92. ಅದನ್ನ 88 ಅಂತ ಬರೆದ್ರೂ ನೋಡೋಕೆ ಹಾಗೇ ಇರತ್ತೆ. ನಾಲ್ಕೇ ಡಿಗ್ರಿ ವ್ಯತ್ಯಾಸ, ಅಳೆಯದೆ ಗೊತ್ತಾಗಲ್ಲ.

ಹಾಳೆಪುಟ
ಕೈವಾರ ಅವರು ಹೇಳಿದ ಹಾಗೆ ಹೊಸದಾಗಿ ಮಾಡಿದೆ. ಈಗ ಇನ್ನೊಂದು ತಲೆನೋವು.

| ಬಗೆ | ಆವೃತ್ತಿ | ಕೋನ | ಪೂರ್ಣ ಡಿಗ್ರಿಗೆ |
|---|---|---|---|
| ನಡಿಗೆ | 17 | 142.33 | 142 |
| ಬಸ್ಸು | 11 | 92.09 | 92 |
| ಸೈಕಲ್ | 8 | 66.98 | 67 |
| ಕಾರು | 4 | 33.49 | 33 |
| ರೈಲು | 3 | 25.12 | 25 |

ಕೊನೆಯ ಕಾಲಮ್ ಕೂಡಿದ್ರೆ 359. ಈಗಲೂ ಎಲ್ಲೋ ತಪ್ಪಾಗಿದೆಯಾ?

ಕೈವಾರ
ಇಲ್ಲ, ಇದು ಆರೋಗ್ಯವಂತ 359. ಪ್ರತಿ ಸಾಲಿನಲ್ಲೂ ರೌಂಡ್ ಮಾಡೋವಾಗ ಹೆಚ್ಚೆಂದ್ರೆ ಅರ್ಧ ಡಿಗ್ರಿ ಆಚೀಚೆ ಆಗತ್ತೆ. ಐದು ಸಾಲು ಅಂದ್ರೆ ಹೆಚ್ಚೆಂದ್ರೆ ಎರಡೂವರೆ. ಹಾಗಾಗಿ ಐದು ಖಂಡದ ಚಾರ್ಟಿನಲ್ಲಿ 358ರಿಂದ 362ರವರೆಗೆ ರೌಂಡ್ ಮಾಡಿದ್ದರ ಪರಿಣಾಮ ಇರಬಹುದು. ಅದರಾಚೆ ಹೋದ್ರೆ ರೌಂಡಿಂಗ್ ಮೇಲೆ ಗೂಬೆ ಕೂರಿಸೋ ಹಾಗಿಲ್ಲ, ತಪ್ಪು ಬೇರೆ ಕಡೆ ಇದೆ. ನಿಮ್ಮ ಮೊದಲಿನ 363.6 ಈ ಬೇಲಿಯ ಆಚೆ ಇತ್ತು ನೋಡಿ. ಮೂರೇ ಖಂಡ ಇದ್ರೆ ಬೇಲಿ ಇನ್ನೂ ಕಿರಿದು, 359ರಿಂದ 361 ಅಷ್ಟೇ.

ಆದ್ರೂ 358 ಬಂದ್ರೆ ಸುಮ್ಮನೆ ಬಿಡಬೇಡಿ. ಐದು ಸಾಲೂ ಒಂದೇ ಕಡೆಗೆ ವಾಲೋದು ಅಪರೂಪ. ದಶಮಾಂಶದ ಕಾಲಮ್ ಕೂಡಿ ನೋಡಿ. ನಿಮ್ಮದು 360.01, ಅಂದ್ರೆ ಲೆಕ್ಕ ಗಟ್ಟಿ ಇದೆ.

ಸೊನ್ನೆ
ಹಾಗಾದ್ರೆ ಆ ಒಂದು ಡಿಗ್ರಿಯನ್ನ ನಡಿಗೆಗೆ ಕೊಟ್ಟು 143 ಮಾಡಿ. ದೊಡ್ಡ ಖಂಡದಲ್ಲಿ ಒಂದು ಡಿಗ್ರಿ ಯಾರ ಕಣ್ಣಿಗೂ ಕಾಣಲ್ಲ.

ಕೈವಾರ
ನಾನಾದ್ರೆ ಕಾರಿಗೆ ಕೊಡ್ತೀನಿ. 33.49 ಅಂದ್ರೆ 34ರ ಹೊಸ್ತಿಲಲ್ಲೇ ನಿಂತಿತ್ತು, ಕೂದಲೆಳೆಯಲ್ಲಿ ಕೆಳಕ್ಕೆ ಬಿತ್ತು. ಅದನ್ನ 34 ಮಾಡಿದ್ರೆ ನಿಜದಿಂದ 0.51 ದೂರ. ನಡಿಗೆಯ 142.33ನ್ನ 143 ಮಾಡಿದ್ರೆ 0.67 ದೂರ. ವಿಧಾನ ಹೀಗೆ: ಎಲ್ಲಾ ಕೋನಗಳ ದಶಮಾಂಶ ಭಾಗ ಬಿಟ್ಟು ಪೂರ್ಣಾಂಕ ಮಾತ್ರ ಬರೆಯಿರಿ. 142, 92, 66, 33, 25, ಮೊತ್ತ 358. ಎರಡು ಡಿಗ್ರಿ ಬಾಕಿ. ಬಿಟ್ಟ ಭಾಗ ಯಾರದ್ದು ದೊಡ್ಡದೋ ಅವರಿಗೆ ಒಂದೊಂದು ಕೊಡಿ. ಸೈಕಲಿನದ್ದು .98, ಕಾರಿನದ್ದು .49. ಸೈಕಲ್ 67, ಕಾರು 34, ಮೊತ್ತ 360.

ಸೊನ್ನೆ
ಆದ್ರೆ ನಿಮ್ಮದೇ ಭಾಗಾಕಾರದ ಪರೀಕ್ಷೆ ಮಾಡಿ ನೋಡಿ. 34ನ್ನ 4ರಿಂದ ಭಾಗಿಸಿದ್ರೆ 8.5. 143ನ್ನ 17ರಿಂದ ಭಾಗಿಸಿದ್ರೆ 8.41. ಒಂದು ಮಗುವಿಗೆ ಎಷ್ಟು ಡಿಗ್ರಿ ಅಂತ ನೋಡಿದ್ರೆ ನನ್ನದೇ 8.37ಕ್ಕೆ ಹತ್ತಿರ!

ಕೈವಾರ
ಅದು ನಿಜ, ಅಲ್ಲಗಳೆಯಲ್ಲ. ಡಿಗ್ರಿಯಲ್ಲಿ ಅಳೆದ್ರೆ ಕಾರಿಗೆ ಕೊಡೋದು ಸರಿ, ಖಂಡದ ಗಾತ್ರಕ್ಕೆ ಹೋಲಿಸಿ ಅಳೆದ್ರೆ ನಡಿಗೆಗೆ ಕೊಡೋದು ಸರಿ. ನಾನು ಡಿಗ್ರಿಯ ಪಕ್ಷ, ಯಾಕಂದ್ರೆ ಕಾಗದದ ಮೇಲೆ ಗೆರೆ ಸರಿಯೋದು ಡಿಗ್ರಿಯಲ್ಲಿ.

ಗೆರೆಮನೆ
ಇಬ್ಬರ ಜಗಳಕ್ಕೂ ಹೋಗದ ದಾರಿ ಒಂದಿದೆ. ಕೋನಗಳನ್ನ ರೌಂಡ್ ಮಾಡಬೇಡಿ, ಗೆರೆಗಳನ್ನ ರೌಂಡ್ ಮಾಡಿ. ಆವೃತ್ತಿಗಳನ್ನ ಮೇಲಿಂದ ಕೂಡಿಕೊಂಡು ಬನ್ನಿ: 17, 28, 36, 40, 43. ಈ ಸಂಚಿತ ಆವೃತ್ತಿಗಳಿಗೆ ಕೋನ ತೆಗೆದ್ರೆ 142.33, 234.42, 301.40, 334.88, 360. ಪೂರ್ಣ ಡಿಗ್ರಿಗೆ ತಂದ್ರೆ 142, 234, 301, 335, 360. ಪಟ್ಟಿಕೋಲು ಅವರು ಮೂಲ ಗೆರೆಯಿಂದ ಗುರುತು ಹಾಕೋಕೆ ಹೇಳಿದ್ದು ಇವೇ ಸಂಖ್ಯೆಗಳನ್ನ. ಖಂಡದ ಕೋನ ಬೇಕಾದ್ರೆ ಪಕ್ಕಪಕ್ಕದ್ದನ್ನ ಕಳೆಯಿರಿ: 142, 92, 67, 34, 25. ಕೊನೆಯ ಗೆರೆ ಯಾವಾಗಲೂ 360ಕ್ಕೇ ಬರೋದ್ರಿಂದ ಮೊತ್ತ ತಪ್ಪೋಕೆ ಸಾಧ್ಯವೇ ಇಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಆವೃತ್ತಿ B2ರಿಂದ B6ರವರೆಗೆ ಇದ್ದು, ಮೊದಲ ಸಾಲು ತಲೆಬರಹ ಆಗಿದ್ರೆ, C2ನಲ್ಲಿ ಇದನ್ನ ಹಾಕಿ ಕೆಳಗೆ ಎಳೆಯಿರಿ:

```
=ROUND(360*SUM(B$2:B2)/SUM(B$2:B$6),0)-SUM(C$1:C1)
```

ಡಾಲರ್ ಚಿಹ್ನೆ ಮರೀಬೇಡಿ. ಎಷ್ಟೋ ಹಾಳೆಗಳಲ್ಲಿ ಕಾಣೋ ತಪ್ಪು ಅಂದ್ರೆ `=360*B2/SUM(B2:B6)` ಅಂತ ಬರೆದು ಎಳೆಯೋದು. ಕೆಳಗಿಳಿದ ಹಾಗೆ ಮೊತ್ತದ ವ್ಯಾಪ್ತಿಯೂ ಜಾರತ್ತೆ, ಮೇಲಿನ ಸಾಲುಗಳು ಒಂದೊಂದಾಗಿ ಹೊರಗೆ ಬೀಳ್ತವೆ. ಕೊನೆಯ ಸಾಲಿನಲ್ಲಿ ರೈಲಿನ 3ನ್ನ 3ರಿಂದಲೇ ಭಾಗಿಸಿ 360 ಡಿಗ್ರಿ ಬರತ್ತೆ. ಒಂದೇ ಖಂಡಕ್ಕೆ ಇಡೀ ವೃತ್ತ ಸಿಕ್ಕಿದ್ರೆ ಇದೇ ಕಾರಣ ಅಂತ ತಿಳ್ಕೊಳ್ಳಿ.

ಸೊನ್ನೆ
ಅಯ್ಯೋ, ನೀವು "ಮೊತ್ತ ತಪ್ಪೋಕೆ ಸಾಧ್ಯವೇ ಇಲ್ಲ" ಅಂದ್ರಿ. ನಾನು ಮೊದಲು ಹೇಳಿ ಬೈಸಿಕೊಂಡದ್ದೂ ಅದನ್ನೇ ಅಲ್ವಾ?

ಗೆರೆಮನೆ
😄 ಸರಿಯಾಗಿ ಹಿಡಿದ್ರಿ. ಹೌದು, ಇದರಲ್ಲಿ ಬಂದ 360 ಏನನ್ನೂ ಸಾಬೀತು ಮಾಡಲ್ಲ. ಪರೀಕ್ಷೆ ದಶಮಾಂಶದ ಕಾಲಮ್ಮಿನಲ್ಲಿ ಮುಗಿಸಿ, ಆಮೇಲೆ ಚಿತ್ರಕ್ಕೆ ಮಾತ್ರ ಇದನ್ನ ಬಳಸಿ. ಇನ್ನೊಂದು ಮಿತಿಯೂ ಇದೆ, ಸಾಲುಗಳ ಕ್ರಮ ಬದಲಾದ್ರೆ ಉತ್ತರ ಬದಲಾಗಬಹುದು. ಕಾರನ್ನ ತಂದು ಮೊದಲ ಸಾಲಿಗೆ ಇಟ್ರೆ ಕಾರಿಗೆ 33, ನಡಿಗೆಗೆ 143 ಬರತ್ತೆ. ಆಗ ನಿಮ್ಮ ಪಕ್ಷ ಗೆದ್ದ ಹಾಗೆ!

ಕೆಂಪುಶಾಯಿ
ಉತ್ತರಪತ್ರಿಕೆ ತಿದ್ದೋವ್ರಿಗೆ ಒಂದು ಮಾತು. 360 ಬಾರದಿದ್ರೆ ಬರೀ "ತಪ್ಪು" ಅಂತ ಗೀಚಬೇಡಿ, ಬಂದ ಮೊತ್ತವೇ ತಪ್ಪಿನ ವಿಳಾಸ ಹೇಳತ್ತೆ. ಇದೇ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿ 153, 99, 72, 36, 27 ಅಂತ ಬರೆದಿದ್ದಾನೆ ಅಂದ್ಕೊಳ್ಳಿ. ಮೊತ್ತ 387. ಎಲ್ಲವೂ ಆವೃತ್ತಿಯ ಒಂಬತ್ತು ಪಟ್ಟು, ಅಂದ್ರೆ ಒಂದು ಮಗುವಿಗೆ 9 ಡಿಗ್ರಿ. 360ನ್ನ 9ರಿಂದ ಭಾಗಿಸಿದ್ರೆ 40, ಅವನು ಒಟ್ಟು 40 ಅಂತ ಹಿಡಿದಿದ್ದಾನೆ. 3 ಎಲ್ಲಿ ಹೋಯ್ತು? ಕೂಡೋವಾಗ ರೈಲಿನ ಸಾಲು ಬಿಟ್ಟಿದ್ದಾನೆ. ಹೆಚ್ಚಾದ ಡಿಗ್ರಿ ನೋಡಿ, 387ರಲ್ಲಿ 360 ಕಳೆದ್ರೆ 27, ರೈಲಿನ ಸಾಲಿನಲ್ಲಿ ಅವನೇ ಬರೆದ ಕೋನ.

ಒಟ್ಟು ಮೊತ್ತದಲ್ಲಿ ಒಂದು ಸಾಲು ಬಿಟ್ಟುಹೋದಾಗ ಯಾವಾಗಲೂ ಹೀಗೇ. 360ರ ಮೇಲೆ ಎಷ್ಟು ಹೆಚ್ಚಾಗಿದೆಯೋ, ಅದೇ ಕೋನ ಬರೆದಿರೋ ಸಾಲೇ ಬಿಟ್ಟುಹೋದ ಸಾಲು. ಅವನ ಗುಣಾಕಾರಕ್ಕೆ ಅಂಕ ಕೊಡಿ, ಒಟ್ಟಿಗೆ ಮಾತ್ರ ಕಳೆಯಿರಿ.

ಚುಕ್ಕಿಬರಹ
ನನ್ನದೂ ಇದೇ ಸಮಸ್ಯೆ, ಆದ್ರೆ ಮೊತ್ತ 580 ಬರ್ತಿದೆ! 36 ಮಕ್ಕಳಿಗೆ ಇಷ್ಟದ ಆಟ ಕೇಳಿದ್ದು. 36 ಅಂದ್ರೆ ಒಬ್ಬರಿಗೆ ಸರಿಯಾಗಿ 10 ಡಿಗ್ರಿ, ರೌಂಡಿಂಗೇ ಇಲ್ಲ. ಆದ್ರೂ ಹೇಗೆ ತಪ್ಪಿತು? ಯಾವ ಸಾಲು ಬಿಟ್ಟಿದ್ದೀನಿ?

ಕೆಂಪುಶಾಯಿ
ಒಬ್ಬರು ಎರಡು ಆಟ ಹೇಳೋಕೆ ಅವಕಾಶ ಇತ್ತಾ?

ಚುಕ್ಕಿಬರಹ
ಇತ್ತು. ಒಂದೋ ಎರಡೋ ಹೇಳಬಹುದಿತ್ತು.

ಕೆಂಪುಶಾಯಿ
ಹಾಗಾದ್ರೆ ಸಾಲು ಬಿಟ್ಟಿಲ್ಲ. ಆವೃತ್ತಿಗಳನ್ನ ಕೂಡಿ ನೋಡಿ, 58 ಬರತ್ತೆ. 36 ಮಕ್ಕಳು 58 ಉತ್ತರ ಕೊಟ್ಟಿದ್ದಾರೆ, ನೀವು ಉತ್ತರಗಳನ್ನ ಮೇಲಿಟ್ಟು ಮಕ್ಕಳಿಂದ ಭಾಗಿಸಿದ್ರಿ. 58ರಿಂದ ಭಾಗಿಸಿದ್ರೆ ಮೊತ್ತ 360 ಆಗತ್ತೆ, ಆದ್ರೆ ಆಗ ವೃತ್ತ ಅಂದ್ರೆ "36 ಮಕ್ಕಳು" ಅಲ್ಲ, "58 ಉತ್ತರಗಳು". ಅರ್ಧ ವೃತ್ತ ತುಂಬಿದ ಆಟವನ್ನ ನೋಡಿ "ಅರ್ಧ ತರಗತಿಗೆ ಇಷ್ಟ" ಅಂತ ಓದಿದ್ರೆ ತಪ್ಪು. ಅರ್ಧ ಅಂದ್ರೆ 29 ಉತ್ತರ, 36ರಲ್ಲಿ 29 ಮಕ್ಕಳು. ಈ ದತ್ತಾಂಶಕ್ಕೆ ಸ್ತಂಭಾಲೇಖವೇ ಸೂಕ್ತ. ಒಬ್ಬರು ಒಂದೇ ಗುಂಪಿಗೆ ಸೇರೋ ಹಾಗಿದ್ರೆ ಮಾತ್ರ ಪೈ ಚಾರ್ಟ್.

ಹಾಳೆಪುಟ
ಎಲ್ಲರಿಗೂ ವಂದನೆ. ಉತ್ತರಪಟ್ಟಿಯಲ್ಲಿ ದಶಮಾಂಶದ ಕೋನಗಳನ್ನೂ ಅವುಗಳ ಮೊತ್ತವನ್ನೂ ಒಂದು ಕಾಲಮ್ಮಿನಲ್ಲಿ ಕೊಡ್ತೀನಿ, ಪಕ್ಕದಲ್ಲಿ ಚಿತ್ರಕ್ಕೆ ಬಳಸೋ 142, 92, 67, 34, 25. ಶೇಕಡಾ ಕಾಲಮ್ ತೆಗೆದುಹಾಕಿದೆ. ಮಕ್ಕಳು 359 ಅಂತ ಬಿಟ್ಟು "ರೌಂಡ್ ಮಾಡಿದ್ದರಿಂದ" ಅಂತ ಪಕ್ಕದಲ್ಲಿ ಬರೆದ್ರೆ ಪೂರ್ತಿ ಅಂಕ ಕೊಡಬಹುದು ತಾನೇ?

ಕೆಂಪುಶಾಯಿ
ಕೋಷ್ಟಕಕ್ಕೆ ಪೂರ್ತಿ ಅಂಕ ಕೊಡಿ. ದಶಮಾಂಶದ ಕೋನ ಕಾಣಿಸದೆ ಬರೀ 359 ಅಂತ ಬರೆದಿದ್ರೆ ನಾನು ಕೊಡಲ್ಲ. ಅದು ರೌಂಡಿಂಗ್ ಅಂತ ಅವನಿಗೆ ಹೇಗೆ ಗೊತ್ತಾಯ್ತು?

ಸೊನ್ನೆ
ಮತ್ತೆ ಕಾರಿಗೆ 33, ನಡಿಗೆಗೆ 143 ಅಂತ ಬರೆದವರಿಗೆ?

ಕೈವಾರ
ಕೊಡೋಣ ಬಿಡಿ. ಆದ್ರೆ ಉತ್ತರಪಟ್ಟಿಯಲ್ಲಿ 34 ಇರಲಿ.